ಐದು ಮರ, ಒಂದು ನೋಟ್‌ಬುಕ್: ದೊಡ್ಡ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾರಲು ಹೊರಟ ಹುಬ್ಬಳ್ಳಿ ಕಂಪನಿಯ ಒಂದು ಪ್ರಕರಣ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ 24 ಜನ ಇರುವ ಒಂದು ಸಾಫ್ಟ್‌ವೇರ್ ಕಂಪನಿ. ಅದರ ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದವನು ನಾನು. ಕಂಪನಿಯ ಹೆಸರು ಇಲ್ಲಿ ಬರುವುದಿಲ್ಲ, ಆಸ್ಪತ್ರೆಗಳ ಹೆಸರೂ ಬರುವುದಿಲ್ಲ. ಯಾರ ಗುರುತೂ ಸಿಗಬಾರದು ಅಂತ ಅಂಕಿಗಳನ್ನು ಅಲ್ಲಲ್ಲಿ ಸ್ವಲ್ಪ ಬದಲಿಸಿದ್ದೇನೆ. ನಡೆದ ಕ್ರಮವನ್ನು ಮಾತ್ರ ಬದಲಿಸಿಲ್ಲ.

ನಮ್ಮ ಹತ್ತಿರ ಎರಡು ಸರಕು ಇದ್ದವು. ಒಂದು, ಸಣ್ಣ ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಮತ್ತು ಬಿಲ್ ಮಾಡಿಕೊಡುವ ಸಾಫ್ಟ್‌ವೇರ್. ವರ್ಷಕ್ಕೆ ಸುಮಾರು 12,000 ರೂಪಾಯಿ. ಇನ್ನೊಂದು, ದೊಡ್ಡ ಆಸ್ಪತ್ರೆಗಳ ಡಿಸ್ಚಾರ್ಜ್ ಮತ್ತು ವಿಮೆ ಕ್ಲೇಮಿನ ಕೆಲಸ ಎಲ್ಲಿ ನಿಂತಿದೆ, ಯಾರ ಟೇಬಲ್ ಮೇಲೆ ಕೂತಿದೆ ಅಂತ ತೋರಿಸುವ ಸಾಫ್ಟ್‌ವೇರ್. ಇದು ಆಸ್ಪತ್ರೆಯಲ್ಲಿ ಈಗಾಗಲೇ ಇರುವ ಎಚ್‌ಐಎಸ್, ಅಂದರೆ ಇಡೀ ಆಸ್ಪತ್ರೆಯ ದಾಖಲೆ ಇಡುವ ಮುಖ್ಯ ಸಾಫ್ಟ್‌ವೇರ್‌ನ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತದೆ. 200 ಬೆಡ್ಡಿನ ಆಸ್ಪತ್ರೆಗೆ ವರ್ಷಕ್ಕೆ ಏಳೆಂಟು ಲಕ್ಷ ಆಗುತ್ತದೆ. ಕಂಪನಿ ಉಳಿಯಬೇಕಾದರೆ ಎರಡನೆಯದು ಮಾರಾಟವಾಗಬೇಕಿತ್ತು.

ಎರಡನ್ನೂ ಒಂದೇ ರೀತಿ ಮಾರಲು ಹೋದದ್ದು ನಮ್ಮ ಮೊದಲ ತಪ್ಪು.

ಬಲೆ ಬೀಸಿದ ವರ್ಷ

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆವು. ಗೂಗಲ್‌ನಲ್ಲಿ ಜಾಹೀರಾತು, ಫೇಸ್‌ಬುಕ್‌ನಲ್ಲಿ ಫಾರ್ಮ್, ವೈದ್ಯರ ಸಮ್ಮೇಳನದಲ್ಲಿ ಒಂದು ಸ್ಟಾಲ್, ವಾಟ್ಸಾಪ್‌ನಲ್ಲಿ ಹಬ್ಬದ ಶುಭಾಶಯದ ಜೊತೆ ನಮ್ಮ ಬ್ರೋಷರ್. ಒಟ್ಟು ಖರ್ಚು 7 ಲಕ್ಷ 20 ಸಾವಿರ. ಬಂದ ಫಾರ್ಮ್‌ಗಳು 412. ತಿಂಗಳ ಮೀಟಿಂಗ್‌ನಲ್ಲಿ ಈ 412ನ್ನು ನಾನು ದೊಡ್ಡ ಅಕ್ಷರದಲ್ಲಿ ತೋರಿಸುತ್ತಿದ್ದೆ. ಗ್ರಾಫ್ ಮೇಲಕ್ಕೆ ಹೋಗುತ್ತಿತ್ತು, ಎಲ್ಲರಿಗೂ ಖುಷಿ.

ವರ್ಷದ ಕೊನೆಗೆ ಒಂದೊಂದೇ ಫಾರ್ಮ್ ತೆಗೆದು ನೋಡಿದೆವು. ಹೆಚ್ಚಿನವು ಕ್ಲಿನಿಕ್, ಡೆಂಟಲ್, ಲ್ಯಾಬ್‌ಗಳದು. ಒಂದಿಷ್ಟು ಜನ ಕೆಲಸ ಹುಡುಕುತ್ತಿದ್ದರು. 100 ಬೆಡ್‌ಗಿಂತ ದೊಡ್ಡ ಆಸ್ಪತ್ರೆಯಿಂದ ಬಂದವು ಒಂಬತ್ತೇ. ಆ ಒಂಬತ್ತರಲ್ಲಿ ನಾಲ್ಕು ಕಡೆ ಡೆಮೊ ಆಯಿತು. ಒಂದೂ ಮಾರಾಟ ಆಗಲಿಲ್ಲ. ಕ್ಲಿನಿಕ್ ಸಾಫ್ಟ್‌ವೇರ್ 11 ಹೋಯಿತು, ಅದರಿಂದ ಬಂದದ್ದು 1 ಲಕ್ಷ 32 ಸಾವಿರ.

ದೊಡ್ಡ ಆಸ್ಪತ್ರೆಯಿಂದ ಬಂದ ಆ ಒಂಬತ್ತು ಫಾರ್ಮ್‌ಗಳನ್ನು ಯಾರು ತುಂಬಿದ್ದರು ಅಂತ ನೋಡಿದಾಗ ವಿಷಯ ತಿಳಿಯಿತು. ಆರು ಬಿಲ್ಲಿಂಗ್ ಕೌಂಟರ್‌ನ ಹುಡುಗರದ್ದು, ಒಂದು ಇಂಟರ್ನ್ ಡಾಕ್ಟರದ್ದು. ಅವರಿಗೆ ನಿಜವಾಗಿಯೂ ತೊಂದರೆ ಇತ್ತು, ಆದರೆ ಅವರ ಕೈಯಲ್ಲಿ ಏನೂ ಇರಲಿಲ್ಲ. ಕ್ಲಿನಿಕ್‌ನಲ್ಲಿ ಫಾರ್ಮ್ ತುಂಬುವವರು, ದುಡ್ಡು ಕೊಡುವವರು, ಬಳಸುವವರು ಎಲ್ಲ ಒಬ್ಬರೇ ಡಾಕ್ಟರು. 200 ಬೆಡ್ಡಿನ ಆಸ್ಪತ್ರೆಯಲ್ಲಿ ಈ ಮೂರು ಬೇರೆ ಬೇರೆ ಜನ. ಅವರ ನಡುವೆ ಇನ್ನೂ ನಾಲ್ಕೈದು ಜನ ಇರುತ್ತಾರೆ. ಅವರಲ್ಲಿ ಯಾರು "ಬ್ಯಾಡ" ಅಂದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಅಕೌಂಟ್ ಬೇಸ್ಡ್ ಮಾರ್ಕೆಟಿಂಗ್ ಅಥವಾ ಎಬಿಎಂ ಅನ್ನುವುದು ಇಲ್ಲಿಂದ ಶುರುವಾಗುತ್ತದೆ. ಮೊದಲು ಜಾಹೀರಾತು ಹಾಕಿ, ಬಂದವರಲ್ಲಿ ಗಿರಾಕಿ ಯಾರು ಅಂತ ಹುಡುಕುವುದು ವ್ಯಾಪಕ ಪ್ರಚಾರದ ದಾರಿ. ಎಬಿಎಂನಲ್ಲಿ ಗಿರಾಕಿ ಯಾರು ಅಂತ ಮೊದಲೇ ಹೆಸರು ಬರೆದುಕೊಂಡು, ಆಮೇಲೆ ಅವರೊಬ್ಬರಿಗಾಗಿಯೇ ಪ್ರಚಾರ ತಯಾರು ಮಾಡುತ್ತೀರಿ. ಲೆಕ್ಕಕ್ಕೆ ಹಿಡಿಯುವುದು ಫಾರ್ಮ್ ತುಂಬಿದ ಮನುಷ್ಯನನ್ನಲ್ಲ, ಇಡೀ ಸಂಸ್ಥೆಯನ್ನು.

ಪಟ್ಟಿ ಮಾಡಿದ ರೀತಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಮತ್ತು ಸುತ್ತಮುತ್ತಲಿನ 100 ಬೆಡ್‌ಗಿಂತ ದೊಡ್ಡ 23 ಆಸ್ಪತ್ರೆಗಳನ್ನು ಬರೆದುಕೊಂಡೆವು. ಆಸ್ಪತ್ರೆಗಳ ಗುಣಮಟ್ಟ ನೋಡಿ ಎನ್‌ಎಬಿಎಚ್ ಕೊಡುವ ಮಾನ್ಯತೆಯ ಪಟ್ಟಿ, ವಿಮೆ ಕಂಪನಿಗಳ ನೆಟ್‌ವರ್ಕ್ ಆಸ್ಪತ್ರೆಗಳ ಪಟ್ಟಿ ಎಲ್ಲ ಬಹಿರಂಗವಾಗಿಯೇ ಸಿಗುತ್ತವೆ. 23ರಿಂದ ಐದಕ್ಕೆ ಇಳಿಸಬೇಕಿತ್ತು. ಯಾಕೆ ಐದು? ನಾವು ಇಬ್ಬರೇ ಇದ್ದೆವು, ನಾನು ಮತ್ತು ಸೇಲ್ಸ್ ನೋಡಿಕೊಳ್ಳುವ ನಮ್ಮ ಮೇಡಂ. ಒಂದು ಆಸ್ಪತ್ರೆಯಲ್ಲಿ ಎಂಟು ಜನ ಅಂದರೆ ಐದು ಆಸ್ಪತ್ರೆಗೆ 40 ಜನ. ಇಬ್ಬರು ನೆನಪಿಟ್ಟುಕೊಂಡು ಮಾತಾಡಿಸಲು ಅಷ್ಟೇ ಸಾಧ್ಯ.

ಯಾರಿಗೆ ನಮ್ಮ ಸಾಫ್ಟ್‌ವೇರ್ ಬೇಕಾಗಬಹುದು ಅಂತ ಹೊರಗಿನಿಂದ ಹೇಗೆ ತಿಳಿಯುವುದು? ಒಂದು ಸುಳಿವು ಬಹಳ ಉಪಯೋಗಕ್ಕೆ ಬಂತು. ಆಸ್ಪತ್ರೆ ಮತ್ತೆ ಮತ್ತೆ "ಟಿಪಿಎ ಎಕ್ಸಿಕ್ಯುಟಿವ್ ಬೇಕಾಗಿದ್ದಾರೆ" ಅಂತ ಜಾಹೀರಾತು ಕೊಡುತ್ತಿದ್ದರೆ, ಅಲ್ಲಿ ವಿಮೆ ರೋಗಿಗಳು ಜಾಸ್ತಿ, ಕೆಲಸದ ಒತ್ತಡವೂ ಜಾಸ್ತಿ ಅಂತ ಅರ್ಥ. ಟಿಪಿಎ ಅಂದರೆ ವಿಮೆ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ. ಅವರ ಜೊತೆ ವ್ಯವಹರಿಸುವ ಆಸ್ಪತ್ರೆಯ ಕೌಂಟರನ್ನು ಟಿಪಿಎ ಡೆಸ್ಕ್ ಅನ್ನುತ್ತಾರೆ. ಆರು ತಿಂಗಳಲ್ಲಿ ಮೂರು ಸಲ ಆ ಡೆಸ್ಕಿಗೆ ಜನ ಹುಡುಕಿದ ಆಸ್ಪತ್ರೆ ನಮ್ಮ ಪಟ್ಟಿಯಲ್ಲಿ ಮೇಲೆ ಹೋಯಿತು.

ಇನ್ನೊಂದು ಅಂಶಕ್ಕೂ ಅಂಕ ಕೊಟ್ಟೆವು: ಅಲ್ಲಿ ನಮಗೆ ಯಾರಾದರೂ ಪರಿಚಯ ಇದ್ದಾರಾ? ಆಗ ಇದು ಜಾಣತನ ಅನ್ನಿಸಿತ್ತು.

ಐದು ಆಸ್ಪತ್ರೆಗಳಿಗೂ ಮರಗಳ ಹೆಸರು ಇಟ್ಟೆವು: ಬೇವು, ಮಾವು, ಹುಣಸೆ, ಆಲ, ನೇರಳೆ. ಚಹಾದಂಗಡಿಯಲ್ಲಿ ಕೂತು ಮಾತಾಡುವಾಗ ಪಕ್ಕದವರು ಯಾರ ಅಳಿಯನೋ ಯಾರ ಅಕ್ಕನೋ ಆಗಿರಬಹುದು. ಹುಬ್ಬಳ್ಳಿ ಸಣ್ಣ ಊರು. ಒಂದು ಉದ್ದನೆಯ ನೋಟ್‌ಬುಕ್‌ನಲ್ಲಿ ಒಂದೊಂದು ಮರಕ್ಕೂ ಎರಡು ಪುಟ. ಪ್ರತಿ ಮರಕ್ಕೆ ಎಂಟು ಸಾಲು: ಮಾಲೀಕ ಅಥವಾ ಮೆಡಿಕಲ್ ಡೈರೆಕ್ಟರ್, ಅಡ್ಮಿನಿಸ್ಟ್ರೇಟರ್, ಟಿಪಿಎ ಡೆಸ್ಕ್ ಮುಖ್ಯಸ್ಥ, ಬಿಲ್ಲಿಂಗ್ ಮುಖ್ಯಸ್ಥ, ಐಟಿ ಇನ್‌ಚಾರ್ಜ್, ಲೆಕ್ಕ ನೋಡುವ ಸಿಎ, ನರ್ಸಿಂಗ್ ಸೂಪರಿಂಟೆಂಡೆಂಟ್, ಗುಣಮಟ್ಟ ನೋಡುವ ಕೋಆರ್ಡಿನೇಟರ್. ಹೆಸರಿನ ಮುಂದೆ ಎರಡು ಖಾನೆ. ನಮ್ಮ ಸಾಫ್ಟ್‌ವೇರ್ ಬಂದರೆ ಇವರಿಗೆ ಏನು ಲಾಭ? ಇವರಿಗೆ ಏನು ಭಯ? ಎರಡನೇ ಖಾನೆ ತುಂಬಲು ಮೊದಲನೆಯದಕ್ಕಿಂತ ಮೂರು ಪಟ್ಟು ಹೊತ್ತು ಹಿಡಿಯಿತು.

ಜಾಹೀರಾತು ಕೈಕೊಟ್ಟ ಕಥೆ

ಇಲ್ಲೊಂದು ಸಣ್ಣ ಮಾತು ಹೇಳಿಬಿಡುತ್ತೇನೆ. ಎಬಿಎಂ ಬಗ್ಗೆ ಓದಿದರೆ ಎಲ್ಲ ಕಡೆ ಲಿಂಕ್ಡ್‌ಇನ್ ಹೆಸರು ಬರುತ್ತದೆ. ಬೇಕಾದ ಸಂಸ್ಥೆಗಳ ಹೆಸರು ಕೊಟ್ಟರೆ ಅಲ್ಲಿ ಕೆಲಸ ಮಾಡುವವರಿಗೆ ಮಾತ್ರ ಜಾಹೀರಾತು ಕಾಣುತ್ತದೆ. ನಾವೂ ಐದು ಹೆಸರು ಕೊಟ್ಟೆವು. ಜಾಹೀರಾತು ಓಡಲೇ ಇಲ್ಲ. ಗುಂಪಿನಲ್ಲಿ ಕನಿಷ್ಠ 300 ಸದಸ್ಯರು ಇರಬೇಕು ಅಂತ ಲಿಂಕ್ಡ್‌ಇನ್ ನಿಯಮ ಇದೆ. ನಮ್ಮ ಐದು ಆಸ್ಪತ್ರೆಗಳ ಆಡಳಿತದ ಜನ ಎಲ್ಲ ಸೇರಿದರೂ ಅದರ ಹತ್ತಿರಕ್ಕೂ ಬರಲಿಲ್ಲ. ಟಿಪಿಎ ಡೆಸ್ಕಿನವರು ಲಿಂಕ್ಡ್‌ಇನ್‌ನಲ್ಲಿ ಇರುವುದೇ ಇಲ್ಲ.

ಫೇಸ್‌ಬುಕ್‌ನಲ್ಲಿ ಆಸ್ಪತ್ರೆಗಳ ಸುತ್ತಲಿನ ಜಾಗ ಗುರುತಿಸಿ ಜಾಹೀರಾತು ಬಿಟ್ಟೆವು. "ಡಿಸ್ಚಾರ್ಜ್ ಬೇಗ ಆಗಬೇಕೇ?" ಅಂತ ಸಾಲು. ಅದನ್ನು ನೋಡಿದವರು ಯಾರು ಹೇಳಿ? ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳ ಮನೆಯವರು. ಮೂರು ದಿನದಲ್ಲಿ 26 ಫೋನ್ ಬಂದವು. "ನಮ್ಮಪ್ಪಂದು ಮುಂಜಾನಿಂದ ಬಿಲ್ಲ ಆಗವಲ್ದ್ರೀ, ನೀವ ಮಾಡಸ್ತೀರೇನ?" ಅಂತ ಒಬ್ಬರು ಕೇಳಿದರು. ನಕ್ಕೆವು, ಆಮೇಲೆ ಬೇಜಾರೂ ಆಯಿತು. ಜಾಹೀರಾತು ನಿಲ್ಲಿಸಿದೆವು. ಆದರೆ ಆ ಫೋನುಗಳು ಒಂದು ಕೆಲಸ ಮಾಡಿದವು. ರೋಗಿಯ ಕಡೆಯಿಂದ ನೋಡಿದರೆ ಡಿಸ್ಚಾರ್ಜ್ ಹೇಗೆ ಕಾಣುತ್ತದೆ ಅಂತ ನಮಗೆ ಆವತ್ತೇ ಗೊತ್ತಾದದ್ದು.

ಬೇವು: ಮೇಲಿನಿಂದ ಹೋದೆವು

ಬೇವಿನ ಡೈರೆಕ್ಟರು ನಮ್ಮ ಮಾಲೀಕರ ದೂರದ ನೆಂಟರು. ಒಂದು ಭಾನುವಾರ ಮನೆಗೆ ಹೋಗಿ ಪೇಢೆ ಕೊಟ್ಟು ಲ್ಯಾಪ್‌ಟಾಪ್ ತೆಗೆದೆವು. ಅರ್ಧ ಗಂಟೆಯಲ್ಲಿ ಅವರು "ಛಲೋ ಐತಿ, ಮಾಡ್ರಿ" ಅಂದರು. ಬರುವಾಗ ಕಾರಿನಲ್ಲಿ ನಾವು ಸಂಭ್ರಮ ಪಟ್ಟೆವು.

ಮರುದಿನ ಡೈರೆಕ್ಟರು ಐಟಿ ಇನ್‌ಚಾರ್ಜ್‌ಗೆ ಒಂದು ಸಾಲಿನ ಮೆಸೇಜ್ ಕಳಿಸಿದರು: ಇವರ ಸಾಫ್ಟ್‌ವೇರ್ ಹಾಕಿಕೊಳ್ಳಿ. ವಾರದ ನಂತರ ಐಟಿ ಇನ್‌ಚಾರ್ಜ್‌ರಿಂದ 41 ಪ್ರಶ್ನೆಗಳ ಪಟ್ಟಿ ಬಂತು. ಡೇಟಾ ಎಲ್ಲಿ ಇರುತ್ತದೆ, ಬ್ಯಾಕಪ್ ಯಾರು ತೆಗೆಯುತ್ತಾರೆ, ಎಚ್‌ಐಎಸ್ ಕಂಪನಿಯವರು ಡೇಟಾಬೇಸ್ ನೋಡಲು ಬಿಡದಿದ್ದರೆ ಏನು, 2023ರ ಡೇಟಾ ರಕ್ಷಣೆ ಕಾಯ್ದೆಯ ಪ್ರಕಾರ ಹೊಣೆ ಯಾರದು. ಎಲ್ಲವೂ ಸರಿಯಾದ ಪ್ರಶ್ನೆಗಳೇ. ಉತ್ತರ ಕೊಟ್ಟೆವು. ಇನ್ನೂ 12 ಬಂದವು. ಮೂರು ತಿಂಗಳು ಹೀಗೇ ಹೋಯಿತು.

ಕೊನೆಗೆ ಒಂದು ಸಂಜೆ ಅವರ ಜೊತೆ ಗಿರಮಿಟ್ ತಿನ್ನುತ್ತಾ ನಮ್ಮ ಮೇಡಂ ನೇರವಾಗಿ ಕೇಳಿದರು: "ಸರ್, ನಿಮಗ ಇದು ಬ್ಯಾಡ ಅನಸತೈತೇನ್ರಿ?" ಅವರು ನಕ್ಕರು. "ಬ್ಯಾಡ ಅಂತಲ್ರೀ ಮೇಡಂ. ಸಾಹೇಬ್ರು ಹೂಂ ಅಂದ್ರು, ಹೋದ್ರು. ರಾತ್ರಿ ಹನ್ನೊಂದಕ್ಕ ಸಿಸ್ಟಮ್ ಬಂದಾದ್ರ ಫೋನ್ ಬರೂದು ನನಗ. ನನ್ನ ಒಂದು ಮಾತು ಕೇಳಬೇಕಿತ್ತಲ್ರೀ?"

ನೋಟ್‌ಬುಕ್‌ನಲ್ಲಿ ಅವರ ಹೆಸರಿನ ಮುಂದೆ "ಭಯ" ಖಾನೆ ಖಾಲಿ ಇತ್ತು. ಡೈರೆಕ್ಟರು ಒಪ್ಪಿದ ಮೇಲೆ ಅದನ್ನು ತುಂಬುವ ಅಗತ್ಯ ಇಲ್ಲ ಅಂದುಕೊಂಡಿದ್ದೆವು. ಪರಿಚಯಕ್ಕೆ ಅಂಕ ಕೊಟ್ಟದ್ದರ ಫಲ ಇದು. ಪರಿಚಯ ಇದ್ದರೆ ಬಾಗಿಲು ಬೇಗ ತೆರೆಯುತ್ತದೆ, ನಿಜ. ಆದರೆ ಅದು ನೇರ ಮೇಲಿನ ಕೋಣೆಯ ಬಾಗಿಲು. ಕೆಳಗಿನ ಏಳು ಜನರನ್ನು ದಾಟಿ ಹೋದಂತೆ ಆಗುತ್ತದೆ, ಅವರಿಗೆ ಅದು ಗೊತ್ತೂ ಆಗುತ್ತದೆ.

ಮಾವಿನ ಕಥೆ ಇನ್ನೂ ಚಿಕ್ಕದು. ಮೂರು ತಿಂಗಳು ಆರು ಜನರನ್ನು ಭೇಟಿಯಾದೆವು, ಎಲ್ಲರೂ ಒಪ್ಪಿದರು. ಆಮೇಲೆ ತಿಳಿಯಿತು, ಸಾಫ್ಟ್‌ವೇರ್ ಖರೀದಿಯೆಲ್ಲ ಬೇರೆ ಊರಿನಲ್ಲಿರುವ ಟ್ರಸ್ಟ್‌ನ ಮುಖ್ಯ ಕಚೇರಿಯಿಂದಲೇ ಆಗುತ್ತದಂತೆ. "ಪರ್ಚೇಸ್ ಆರ್ಡರ್ ಯಾರ ಹೆಸರಲ್ಲಿ ಬರುತ್ತದೆ?" ಅಂತ ಮೊದಲ ವಾರ ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು. ಮಾವನ್ನು ಪಟ್ಟಿಯಿಂದ ತೆಗೆದೆವು. ತೆಗೆಯಲು ಮನಸ್ಸು ಬರಲಿಲ್ಲ, ಒಂದು ತಿಂಗಳು ಸುಮ್ನೆ ಎಳೆದೆವು. ಆ ತಿಂಗಳೂ ನಷ್ಟವೇ.

ಹುಣಸೆ: ಗಡಿಯಾರ ಹಿಡಿದು ಕೂತ ಆರು ದಿನ

ಹುಣಸೆಯಲ್ಲಿ ನಮಗೆ ಯಾರೂ ಪರಿಚಯ ಇರಲಿಲ್ಲ. ಹಾಗಾಗಿ ಕೆಳಗಿನಿಂದಲೇ ಹೋಗಬೇಕಾಯಿತು, ಟಿಪಿಎ ಡೆಸ್ಕಿನಿಂದ. ಆ ಡೆಸ್ಕ್ ನೋಡಿಕೊಳ್ಳುವ ಅಕ್ಕಾರಿಗೆ ದಿನಾ ಬೈಗುಳ ತಿನ್ನುವುದೇ ಕೆಲಸ. ರೋಗಿಯ ಮನೆಯವರು ಬೈಯುತ್ತಾರೆ, ಡಾಕ್ಟರು ಬೈಯುತ್ತಾರೆ, ಲೆಕ್ಕದವರು ಬೈಯುತ್ತಾರೆ. ಎಲ್ಲರ ಮಾತೂ ಒಂದೇ: ವಿಮೆ ಕಂಪನಿಯವರು ತಡ ಮಾಡುತ್ತಾರೆ, ನೀವು ಅವರ ಬೆನ್ನು ಹತ್ತುವುದಿಲ್ಲ.

ನಾವು ಸಾಫ್ಟ್‌ವೇರ್ ತೋರಿಸಲಿಲ್ಲ. ಒಂದು ಪ್ರಶ್ನೆ ಕೇಳಿದೆವು: ತಡ ಎಲ್ಲಿ ಆಗುತ್ತದೆ ಅಂತ ಅಳೆದು ನೋಡೋಣವೇ? ಅಡ್ಮಿನಿಸ್ಟ್ರೇಟರ್ ಒಪ್ಪಿಗೆ ಪಡೆದು, ರೋಗಿಯ ಹೆಸರಾಗಲಿ ಕಾಯಿಲೆಯಾಗಲಿ ಬರೆಯುವುದಿಲ್ಲ, ಬೆಡ್ ನಂಬರ್ ಮತ್ತು ಸಮಯ ಮಾತ್ರ ಅಂತ ಪತ್ರ ಕೊಟ್ಟು, ಆರು ದಿನ ಕೂತೆವು. ಕ್ಯಾಶ್‌ಲೆಸ್ ವಿಮೆಯ 74 ಡಿಸ್ಚಾರ್ಜ್‌ಗಳನ್ನು ಅಳೆದೆವು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ರೋಗಿಗಳನ್ನು ಬಿಟ್ಟೆವು, ಯಾಕೆಂದರೆ ಅಲ್ಲಿ ಪ್ಯಾಕೇಜ್ ದರ, ನಡೆಯುವ ಕ್ರಮವೇ ಬೇರೆ. ಎರಡನ್ನೂ ಬೆರೆಸಿದರೆ ಸರಾಸರಿಗೆ ಅರ್ಥ ಇರುವುದಿಲ್ಲ.

ಮೂರು ಹಂತ ಮಾಡಿಕೊಂಡೆವು. ಡಾಕ್ಟರು ರೌಂಡ್‌ನಲ್ಲಿ "ಇವತ್ತು ಮನೆಗೆ ಹೋಗಬಹುದು" ಅಂದ ಹೊತ್ತಿನಿಂದ ಕಾಗದ ಎಲ್ಲ ಸೇರಿಸಿ ವಿಮೆ ಕಂಪನಿಗೆ ಕಳಿಸುವ ತನಕ ಒಂದು. ಕಳಿಸಿದ್ದಕ್ಕೆ ಕೊನೆಯ ಒಪ್ಪಿಗೆ ಬರುವ ತನಕ ಎರಡು. ಒಪ್ಪಿಗೆ ಬಂದು ರೋಗಿ ಗೇಟು ದಾಟುವ ತನಕ ಮೂರು.

ಸರಾಸರಿ ಹೀಗೆ ಬಂತು. ಮೊದಲ ಹಂತ 3 ಗಂಟೆ 50 ನಿಮಿಷ. ಎರಡನೆಯದು 1 ಗಂಟೆ 55 ನಿಮಿಷ. ಮೂರನೆಯದು 40 ನಿಮಿಷ.

ಅಕ್ಕಾರು ಆ ಹಾಳೆಯನ್ನು ಎರಡು ಸಲ ಓದಿದರು. ಆಸ್ಪತ್ರೆಯಲ್ಲಿ ಎಲ್ಲರೂ ಬೈಯುತ್ತಿದ್ದುದು ಎರಡನೇ ಹಂತವನ್ನು. ಹೊತ್ತು ಹೋಗುತ್ತಿದ್ದುದು ಮೊದಲನೆಯದರಲ್ಲಿ. ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಿ ಕೂತಿರುತ್ತದೆ, ಸಹಿ ಹಾಕಬೇಕಾದ ಡಾಕ್ಟರು ಆಪರೇಷನ್ ಥಿಯೇಟರ್‌ನಲ್ಲಿ ಇರುತ್ತಾರೆ. ವಾರ್ಡಿನಲ್ಲಿ ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗದೆ ಬಿಲ್ ಮುಗಿಯುವುದಿಲ್ಲ. ಒಂದು ಲ್ಯಾಬ್ ರಿಪೋರ್ಟ್ ಸೇರಿಲ್ಲ ಅಂತ ವಿಮೆಯವರು ಕ್ವೆರಿ ಹಾಕಿದರೆ ಮತ್ತೆ ಮೊದಲಿನಿಂದ ಓಡಾಟ.

ಇದಕ್ಕೆ ಒಂದು ನಿಯಮದ ಹಿನ್ನೆಲೆಯೂ ಇತ್ತು. 2024ರ ಮೇ ತಿಂಗಳ ಸುತ್ತೋಲೆಯಲ್ಲಿ ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ, ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ವಿಮೆ ಕಂಪನಿ ಕೊನೆಯ ಒಪ್ಪಿಗೆ ಕೊಡಬೇಕು ಅಂತ ಹೇಳಿದೆ. ಡೈರೆಕ್ಟರು ಮೀಟಿಂಗ್‌ಗಳಲ್ಲಿ ಈ ಮೂರು ಗಂಟೆಯ ಮಾತನ್ನು ಆಗಾಗ ಎತ್ತುತ್ತಿದ್ದರಂತೆ. ಆದರೆ ಆ ಮೂರು ಗಂಟೆ ಶುರುವಾಗುವುದು ಆಸ್ಪತ್ರೆ ಕೋರಿಕೆ ಕಳಿಸಿದ ಮೇಲೆ. ಅದಕ್ಕೂ ಮೊದಲಿನ 3 ಗಂಟೆ 50 ನಿಮಿಷಕ್ಕೆ ಈ ನಿಯಮ ಬರುವುದಿಲ್ಲ, ಅದರ ಗಡಿಯಾರವೂ ಇಲ್ಲ.

ವ್ಯಾಪಕ ಪ್ರಚಾರದಲ್ಲಿ ಈ ಮಾತನ್ನು ಹೇಳಲು ಆಗುವುದೇ ಇಲ್ಲ ಅಲ್ವಾ? "ನಿಮ್ಮ ತಡ ನಿಮ್ಮಲ್ಲೇ ಇದೆ" ಅಂತ ಸಾವಿರ ಜನರಿಗೆ ಜಾಹೀರಾತು ಕೊಟ್ಟರೆ ಬೈಯುತ್ತಾರೆ. ಒಂದು ಆಸ್ಪತ್ರೆಗೆ ಅದರದೇ ಆರು ದಿನದ ಸಮಯ ತೋರಿಸಿದರೆ ಕೂತು ಕೇಳುತ್ತಾರೆ.

ಹಾಳೆಯನ್ನು ಮತ್ತೆ ಬರೆದದ್ದು

ಕೇಳುತ್ತಾರೆ ಅಂದೆ. ಆದರೆ ನಮ್ಮ ಮೊದಲ ಹಾಳೆಯನ್ನೇ ತೋರಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅದರಲ್ಲಿ ವಿಭಾಗವಾರು ತಡ ಬರೆದಿದ್ದೆವು. ಮೂಳೆ ವಿಭಾಗ ಇಷ್ಟು, ಹೃದಯ ವಿಭಾಗ ಇಷ್ಟು ಅಂತ. ಅಡ್ಮಿನಿಸ್ಟ್ರೇಟರ್ ನೋಡಿ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಇದನ್ನ ಮೀಟಿಂಗ್‌ನ್ಯಾಗ ಇಟ್ರ ಮೂರು ಡಾಕ್ಟರು ಎದ್ದು ಹೋಗ್ತಾರ. ಅವರಿಗೆ ಉತ್ತರ ಕೊಡಾವ ನಾ. ನಿಮಗ ಬೇಕಾಗಿದ್ದು ಆರ್ಡರೋ ಜಗಳೋ?"

ಹಾಳೆಯನ್ನು ಹಂತಗಳ ಪ್ರಕಾರ ಮತ್ತೆ ಬರೆದೆವು, ವಿಭಾಗ ತೆಗೆದೆವು. ಅಷ್ಟೇ ಅಲ್ಲ, ಮೀಟಿಂಗ್‌ಗೂ ಮೊದಲು ಎಂಟು ಜನರಿಗೂ ಒಬ್ಬೊಬ್ಬರಿಗೇ ತೋರಿಸಿದೆವು. ಯಾರಿಗೂ ಮೀಟಿಂಗ್‌ನಲ್ಲಿ ಮೊದಲ ಸಲ ಕಾಣುವ ಅಂಕಿ ಇರಬಾರದು ಅಂತ ನಿಯಮ ಮಾಡಿಕೊಂಡೆವು. ಇದಕ್ಕೆ ಐದು ವಾರ ಹಿಡಿಯಿತು. ಬೇವಿನ ಪಾಠ ಹೊಸದಾಗಿತ್ತು, ಹಾಗಾಗಿ ಐಟಿ ಇನ್‌ಚಾರ್ಜ್‌ರನ್ನು ಡೈರೆಕ್ಟರಿಗಿಂತ ಮೊದಲು ಕಂಡೆವು. ಅವರ ಭಯ ಬೇರೆಯೇ ಇತ್ತು. ಎಚ್‌ಐಎಸ್ ಕಂಪನಿಯವರು "ಹೊರಗಿನವರು ಕೈ ಹಾಕಿದರೆ ಸಪೋರ್ಟ್ ಕೊಡುವುದಿಲ್ಲ" ಅಂತ ಹಿಂದೊಮ್ಮೆ ಹೆದರಿಸಿದ್ದರು. ನಾವು ಓದುವುದು ಮಾತ್ರ, ಬರೆಯುವುದಿಲ್ಲ, ಅದೂ ದಿನಕ್ಕೆ ನಿಗದಿಯಾದ ಹೊತ್ತಿಗೆ ಹೊರಬರುವ ಒಂದು ಫೈಲಿನಿಂದ ಮಾತ್ರ ಅಂತ ಲಿಖಿತವಾಗಿ ಕೊಟ್ಟೆವು. ನಮ್ಮ ಸಾಫ್ಟ್‌ವೇರ್ ಕ್ಷಣಕ್ಷಣದ ಮಾಹಿತಿ ತೋರಿಸುವುದು ಇದರಿಂದ ಸ್ವಲ್ಪ ನಿಧಾನವಾಯಿತು. ನಮ್ಮ ಡೆವಲಪರ್‌ಗಳಿಗೆ ಇದು ಇಷ್ಟವಾಗಲಿಲ್ಲ. ಆದರೆ ಐಟಿ ಇನ್‌ಚಾರ್ಜ್‌ರ ಭಯ ಹೋಯಿತು.

ಸಿಎ ಅವರದು ನನಗೆ ಮರೆಯಲಾಗದ ಭೇಟಿ. ಅವರಿಗೆ ಅಂತ ನಾನು ಬೇರೆ ಹಾಳೆ ಮಾಡಿದ್ದೆ. ಡಿಸ್ಚಾರ್ಜ್ ಎರಡು ಗಂಟೆ ಬೇಗ ಆದರೆ ವರ್ಷಕ್ಕೆ ಇಷ್ಟು ಸಾವಿರ ಬೆಡ್-ಗಂಟೆ ಉಳಿತಾಯ, ಅದನ್ನು ದಿನದ ದರಕ್ಕೆ ಗುಣಿಸಿದರೆ 31 ಲಕ್ಷ ಆದಾಯ. ಅವರು ಕನ್ನಡಕ ತೆಗೆದು ಕೇಳಿದರು: "ಬೆಡ್ ಮಧ್ಯಾಹ್ನ ಮೂರಕ್ಕ ಖಾಲಿ ಆತು. ಅದರ ಮ್ಯಾಲ ಮಲಗಾಕ ಯಾರರ ಕಾಯಾಕತ್ತಿರಬೇಕಲ್ರೀ? ನಮ್ಮ ಬೆಡ್ ತುಂಬೂದು ಸೋಮವಾರದಿಂದ ಗುರುವಾರ, ಮತ್ತ ಡೆಂಗಿ ಟೈಮಿನ್ಯಾಗ. ಉಳಿದ ದಿನ ಖಾಲಿ ಬೆಡ್ ಖಾಲೀನ."

ಅವರು ಹೇಳಿದ್ದು ಸರಿ. ಅಲ್ಲೇ ಕೂತು ಆ 31 ಲಕ್ಷದ ಸಾಲನ್ನು ಪೆನ್ನಿನಿಂದ ಹೊಡೆದೆವು. ಹೊಸ ಹಾಳೆಯಲ್ಲಿ ಎರಡೇ ಲೆಕ್ಕ ಇಟ್ಟೆವು: ಕಾಗದ ಸರಿ ಇಲ್ಲದೆ ವಿಮೆ ಕಂಪನಿ ಕಡಿತ ಮಾಡುವ ಮೊತ್ತ, ಮತ್ತು ಕ್ಲೇಮ್ ಹಣ ಬರಲು ಹಿಡಿಯುವ ದಿನ. ಎರಡೂ ಅವರದೇ ಪುಸ್ತಕದಲ್ಲಿದ್ದ ಅಂಕಿಗಳು. ಮೊತ್ತ ಬಹಳ ಕಡಿಮೆ ಆಯಿತು, 31 ಲಕ್ಷದ ಬದಲು 9 ಲಕ್ಷ. ಕೊನೆಯ ಮೀಟಿಂಗ್‌ನಲ್ಲಿ ಡೈರೆಕ್ಟರು "ಈ ಲೆಕ್ಕ ಖರೇ ಏನ್ರಿ?" ಅಂತ ಕೇಳಿದಾಗ ಉತ್ತರ ಕೊಟ್ಟವರು ನಾವಲ್ಲ, ಸಿಎ: "ಈ ಲೆಕ್ಕ ನಾನ ತಿದ್ದೇನ್ರಿ."

999 ರೂಪಾಯಿಯ ಪೆಟ್ಟು

ಎಲ್ಲ ಸರಿ ಹೋಗುತ್ತಿತ್ತು. ಅಷ್ಟರಲ್ಲಿ ಅಡ್ಮಿನಿಸ್ಟ್ರೇಟರ್ ಫೋನ್ ಮಾಡಿದರು. ಅವರ ಮಗಳ ಮೊಬೈಲ್‌ನಲ್ಲಿ ನಮ್ಮ ಫೇಸ್‌ಬುಕ್ ಜಾಹೀರಾತು ಬಂದಿತ್ತು: "ನಿಮ್ಮ ಆಸ್ಪತ್ರೆಗೆ ಸಾಫ್ಟ್‌ವೇರ್, ತಿಂಗಳಿಗೆ ಬರೀ 999!" ಅದು ಕ್ಲಿನಿಕ್ ಸಾಫ್ಟ್‌ವೇರ್‌ನ ಜಾಹೀರಾತು. ಹೆಸರು, ಬಣ್ಣ, ಲೋಗೊ ಎಲ್ಲ ಒಂದೇ. ಅವರ ಟೇಬಲ್ ಮೇಲೆ ನಮ್ಮ 7 ಲಕ್ಷ 80 ಸಾವಿರದ ಕೊಟೇಶನ್ ಇತ್ತು.

ಬಲೆ ಬೀಸುವ ಪ್ರಚಾರ ಮತ್ತು ಎಬಿಎಂ ಒಂದೇ ಹೆಸರಿನಲ್ಲಿ ನಡೆದರೆ ಒಂದರ ಕಾಲಿಗೆ ಇನ್ನೊಂದು ತೊಡರುತ್ತದೆ. ದೊಡ್ಡ ಗಿರಾಕಿ ನಮ್ಮ ಜಾಹೀರಾತಿನಿಂದ ಬರುವುದಿಲ್ಲ, ಆದರೆ ಒಪ್ಪುವ ಮೊದಲು ನಮ್ಮ ಹೆಸರು ಹುಡುಕಿ ನೋಡಿಯೇ ನೋಡುತ್ತಾರೆ. ಕ್ಲಿನಿಕ್ ಸಾಫ್ಟ್‌ವೇರ್‌ಗೆ ಬೇರೆ ಹೆಸರು, ಬೇರೆ ಪುಟ ಮಾಡಿದೆವು. ಕಂಪನಿಯ ವೆಬ್‌ಸೈಟ್‌ನಿಂದ ದರ ತೆಗೆದೆವು. ಈ ಕೆಲಸಕ್ಕೆ ಮೂರು ವಾರ ಹೋಯಿತು, ಮೊದಲೇ ಮಾಡಿದ್ದರೆ ಎರಡು ದಿನದ ಕೆಲಸ. ಕ್ಲಿನಿಕ್ ಪ್ರಚಾರವನ್ನು ನಿಲ್ಲಿಸಲಿಲ್ಲ. 12,000 ರೂಪಾಯಿಯ ಸರಕಿಗೆ ಎಂಟು ಜನರನ್ನು ಐದು ವಾರ ಭೇಟಿಯಾಗಲು ಆಗುವುದಿಲ್ಲ. ಅದಕ್ಕೆ ಬಲೆಯೇ ಸರಿ.

ಒಂದು ವಾರ್ಡಿನ ಪರೀಕ್ಷೆ

ಹುಣಸೆಯಲ್ಲಿ ಒಂದು ವಾರ್ಡಿನಲ್ಲಿ ಆರು ವಾರದ ಪೈಲಟ್ ಅಂತ ತೀರ್ಮಾನ ಆಯಿತು. 40,000 ರೂಪಾಯಿ ಕೇಳಿದೆವು, ಆರ್ಡರ್ ಆದರೆ ಅದನ್ನು ಬಿಲ್‌ನಲ್ಲಿ ಕಳೆಯುತ್ತೇವೆ ಅಂದೆವು. ಪುಕ್ಕಟೆ ಕೊಡಬೇಡಿ ಅಂತ ಹಟ ಹಿಡಿದವರು ನಮ್ಮ ಮೇಡಂ, ಯಾಕೆಂದರೆ ಅದೇ ಹೊತ್ತಿಗೆ ಆಲದಲ್ಲಿ ಪುಕ್ಕಟೆ ಪೈಲಟ್ ನಡೆಯುತ್ತಿತ್ತು. ಅಲ್ಲಿ ಎರಡು ತಿಂಗಳಲ್ಲಿ ಲಾಗಿನ್ ಆದವರು ಇಬ್ಬರೇ, ಅದರಲ್ಲಿ ಒಬ್ಬ ನಮ್ಮ ಹುಡುಗ. ದುಡ್ಡು ಕೊಡದ ಕಡೆ "ಯಾಕೆ ಬಳಸುತ್ತಿಲ್ಲ?" ಅಂತ ಕೇಳುವವರೇ ಇರುವುದಿಲ್ಲ. ಹುಣಸೆಯಲ್ಲಿ 40,000ಕ್ಕೆ ಸಹಿ ಹಾಕಿದ ಸಿಎ ಪ್ರತಿ ಸೋಮವಾರ ಕೇಳುತ್ತಿದ್ದರು.

ಆ ವಾರ್ಡಿನ ಹಳೆಯ ಲೆಕ್ಕ ಮೊದಲ ಹಂತಕ್ಕೆ 3 ಗಂಟೆ 35 ನಿಮಿಷ. ಆರನೇ ವಾರಕ್ಕೆ ಅದು 2 ಗಂಟೆ 15 ನಿಮಿಷಕ್ಕೆ ಬಂತು. ಎರಡನೇ ಹಂತ ಹೆಚ್ಚುಕಡಿಮೆ ಹಾಗೇ ಇತ್ತು, ಅದು ನಮ್ಮ ಕೈಯಲ್ಲಿ ಇರಲೂ ಇಲ್ಲ. ಇಲ್ಲಿ ಒಂದು ನಿಜ ಹೇಳಬೇಕು. ಉಳಿತಾಯವಾದ ಈ 80 ನಿಮಿಷದಲ್ಲಿ ಬಹುಶಃ ಅರ್ಧದಷ್ಟು ಸಾಫ್ಟ್‌ವೇರ್‌ನಿಂದ ಆದದ್ದಲ್ಲ. ನಾಳೆ ಹೋಗುವವರ ಸಮ್ಮರಿಯನ್ನು ಹಿಂದಿನ ರಾತ್ರಿಯೇ ಟೈಪ್ ಮಾಡಿ ಇಡಿ ಅಂತ ನರ್ಸಿಂಗ್ ಸೂಪರಿಂಟೆಂಡೆಂಟ್ ಮಾಡಿದ ಒಂದು ನಿಯಮದಿಂದ ಆದದ್ದು. ನಮ್ಮ ವರದಿಯಲ್ಲಿ ಅದನ್ನು ಅವರ ಹೆಸರಿನಲ್ಲೇ ಬರೆದೆವು. ಉಳಿದ ವಾರ್ಡ್‌ಗಳ ಸಿಸ್ಟರ್‌ಗಳು ಇದನ್ನು ಒಪ್ಪಿಕೊಂಡದ್ದು ನಮ್ಮ ಡೆಮೊ ನೋಡಿ ಅಲ್ಲ, ಅವರ ಮಾತು ಕೇಳಿ.

ಹತ್ತನೇ ತಿಂಗಳಲ್ಲಿ ಪರ್ಚೇಸ್ ಆರ್ಡರ್ ಬಂತು. ವರ್ಷಕ್ಕೆ 7 ಲಕ್ಷ 80 ಸಾವಿರ.

ಐದು ಮರಗಳ ಲೆಕ್ಕ

ನೇರಳೆಯ ಬಗ್ಗೆ ಹೇಳುವುದು ಬಾಕಿ ಇದೆ. ಅಲ್ಲಿ ಎಲ್ಲ ಬಹಳ ಚೆನ್ನಾಗಿ ನಡೆಯುತ್ತಿತ್ತು, ಒಬ್ಬರೇ ಒಬ್ಬರ ಮೂಲಕ. ಟಿಪಿಎ ಡೆಸ್ಕ್ ಮುಖ್ಯಸ್ಥರು ನಮ್ಮ ಪರ ಎಲ್ಲರ ಹತ್ತಿರ ಮಾತಾಡುತ್ತಿದ್ದರು. ನಾವು ಬೇರೆಯವರನ್ನು ಭೇಟಿಯಾಗುವ ಕಷ್ಟ ತೆಗೆದುಕೊಳ್ಳಲಿಲ್ಲ. ಏಳನೇ ತಿಂಗಳು ಅವರು ಕೆಲಸ ಬಿಟ್ಟು ಬೆಳಗಾವಿಯ ಒಂದು ಆಸ್ಪತ್ರೆಗೆ ಹೋದರು. ಮರುವಾರ ನೇರಳೆಯಲ್ಲಿ ನಮ್ಮನ್ನು ಗುರುತು ಹಿಡಿಯುವವರೇ ಇರಲಿಲ್ಲ. ನೋಟ್‌ಬುಕ್ ತೆಗೆದರೆ ಎಂಟು ಸಾಲಿನಲ್ಲಿ ಏಳು ಖಾಲಿ. ಖಾಲಿ ಸಾಲುಗಳು ಮೂರು ತಿಂಗಳಿಂದ ಕಣ್ಣೆದುರೇ ಇದ್ದವು, ಆದರೆ "ಮಾತು ಛಲೋ ನಡೆದೈತಿ" ಅನ್ನುವ ಖುಷಿಯಲ್ಲಿ ಕಾಣಲಿಲ್ಲ. ಎರಡು ತಿಂಗಳಾದ ಮೇಲೆ ಬೆಳಗಾವಿಯಿಂದ ಅವರೇ ಫೋನ್ ಮಾಡಿ ಅಲ್ಲಿಗೆ ಕರೆದರು. ಆ ಆಸ್ಪತ್ರೆ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಹದಿನಾಲ್ಕನೇ ತಿಂಗಳಲ್ಲಿ ಅಲ್ಲೂ ಆರ್ಡರ್ ಆಯಿತು. ಇದನ್ನು ಎಬಿಎಂನ ಯಶಸ್ಸು ಅನ್ನಬೇಕೋ ಅದೃಷ್ಟ ಅನ್ನಬೇಕೋ, ನಮ್ಮಲ್ಲಿ ಇನ್ನೂ ವಾದ ಇದೆ. ನನ್ನ ಪ್ರಕಾರ ಅದೃಷ್ಟವೇ.

ಖರ್ಚಿನ ವಿಷಯ. ಎಬಿಎಂ ಮಾಡಿದ ಆ ವರ್ಷ ನಮ್ಮಿಬ್ಬರ ಸಂಬಳದ ಅರ್ಧ ಭಾಗ, ಓಡಾಟ, ಅಳತೆಗೆ ಕೂತ ಹುಡುಗರ ಖರ್ಚು ಸೇರಿ 6 ಲಕ್ಷ 10 ಸಾವಿರ. ಹಿಂದಿನ ವರ್ಷದ 7 ಲಕ್ಷ 20 ಸಾವಿರದಲ್ಲಿ ಸಂಬಳ ಸೇರಿರಲಿಲ್ಲ. ಮರಕ್ಕೆ 1 ಲಕ್ಷದ ಮೇಲೆ ಬಿತ್ತು. ಐದರಲ್ಲಿ ಒಂದು ಫಲ ಕೊಟ್ಟಿತು. ಹುಣಸೆಯೂ ಕೈತಪ್ಪಿದ್ದರೆ ಎಲ್ಲ ಹೋಗಿರುತ್ತಿತ್ತು. ಗಿರಾಕಿ ಕಡಿಮೆ ಇಟ್ಟುಕೊಂಡ ಮೇಲೆ ಈ ಅಪಾಯ ಇದ್ದದ್ದೇ. ಬಲೆಯ ವರ್ಷದಲ್ಲಿ ಎಲ್ಲ ನಿಧಾನವಾಗಿ ಸೋರುತ್ತಿತ್ತು. ಇಲ್ಲಿ ಸೋರಿದರೆ ಒಮ್ಮೆಗೇ.

ಆ ಹತ್ತು ತಿಂಗಳು ಮೀಟಿಂಗ್‌ಗಳಲ್ಲಿ ತೋರಿಸಲು ನನ್ನ ಹತ್ತಿರ ಗ್ರಾಫ್ ಇರಲಿಲ್ಲ. ಫಾರ್ಮ್ ಎಷ್ಟು ಅಂದರೆ ಸೊನ್ನೆ. ಮಾಲೀಕರು ನಾಲ್ಕನೇ ತಿಂಗಳಿಗೆ ತಾಳ್ಮೆ ಕಳೆದುಕೊಂಡಿದ್ದರು. ಆಗ ಬೇರೆ ಮೂರು ವಿಷಯ ಎಣಿಸಲು ಶುರು ಮಾಡಿದೆವು. ಎಂಟು ಸಾಲಿನಲ್ಲಿ ಎಷ್ಟು ಜನರನ್ನು ಮುಖಾಮುಖಿ ಕಂಡಿದ್ದೇವೆ? ಅವರಾಗಿಯೇ ಎಷ್ಟು ಸಲ ಫೋನ್ ಮಾಡಿದ್ದಾರೆ? ತಮ್ಮ ಆಸ್ಪತ್ರೆಯ ಅಂಕಿಯನ್ನು ನಮಗೆ ಕೊಟ್ಟಿದ್ದಾರಾ? ಮೂರನೆಯದೇ ಮುಖ್ಯ ಅಂತ ಈಗ ಅನ್ನಿಸುತ್ತದೆ. ಚಹಾ ಎಲ್ಲರೂ ಕೊಡುತ್ತಾರೆ, ಮಾತೂ ಚೆನ್ನಾಗಿ ಆಡುತ್ತಾರೆ. ಕಡಿತ ಎಷ್ಟಾಯಿತು ಅನ್ನುವ ಪುಸ್ತಕ ತೆರೆದು ತೋರಿಸಿದ್ದು ಐದರಲ್ಲಿ ಹುಣಸೆ ಒಂದೇ.

ಈ ವರ್ಷದ ನೋಟ್‌ಬುಕ್‌ನಲ್ಲಿ ನಾಲ್ಕೇ ಮರ ಇವೆ. ಎಲ್ಲ ಪುಟದ ಮೊದಲ ಸಾಲು ಈಗ "ಪರ್ಚೇಸ್ ಆರ್ಡರ್ ಯಾರ ಹೆಸರಲ್ಲಿ?" ಅನ್ನುವುದು. ಪರಿಚಯದ ಖಾನೆ ತೆಗೆದುಹಾಕಿದ್ದೇವೆ. ಬೇವು ಮತ್ತೆ ಪಟ್ಟಿಯಲ್ಲಿದೆ. ಹೋದ ವಾರ ಅಲ್ಲಿನ ಐಟಿ ಇನ್‌ಚಾರ್ಜ್ ಅವರೇ ನಮ್ಮ ಮೇಡಂಗೆ ಫೋನ್ ಮಾಡಿ, ದಿನಕ್ಕೊಂದು ಫೈಲಿನಿಂದ ಓದುವ ವ್ಯವಸ್ಥೆ ಮಾಡಿದ್ದೀರಂತಲ್ಲ, ಅದರ ಕಾಗದ ಕಳಿಸುತ್ತೀರಾ ಅಂತ ಕೇಳಿದರು. ಡೈರೆಕ್ಟರಿಗೆ ಇನ್ನೂ ಹೇಳಿಲ್ಲ, ಹೇಳಬೇಡಿ ಅಂದರು.